ಕಾರ್ಖಾನೆಯ ಮಾನಸಿಕ ಆರೋಗ್ಯ ಸಪ್ತಾಹಕ್ಕೆ ಯಾವ ಘೋಷವಾಕ್ಯ? ಐದು ಬಗೆಗಳ ಹೋಲಿಕೆ

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಅದರ ಆಸುಪಾಸಿನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಗಿಣಿಗೇರಿಯ ಸ್ಪಾಂಜ್ ಐರನ್ ಘಟಕಗಳವರೆಗೆ, ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳವರೆಗೆ ಯಾವ ಆಡಳಿತ ವಿಭಾಗಕ್ಕೂ ಬರಬಹುದಾದ ಕೆಲಸವೊಂದಿದೆ: ಸಪ್ತಾಹಕ್ಕೆ ಒಂದು ಘೋಷವಾಕ್ಯ ಬೇಕು, ನಾಳೆಯೊಳಗೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಅವಸರದಲ್ಲಿ ಕೈಗೆ ಸಿಗುವುದು ಒಂದೋ ಹೆದರಿಸುವ ಸಾಲು, ಇಲ್ಲವೇ ನಗುತ್ತಾ ಬಾಳಿ ಎನ್ನುವ ಸಾಲು. ಎರಡೂ ಕೆಲಸಕ್ಕೆ ಬರುವುದಿಲ್ಲ. ಯಾಕೆ ಬರುವುದಿಲ್ಲ, ಬದಲಿಗೆ ಯಾವುದನ್ನು ಎಲ್ಲಿ ಹಾಕಬೇಕು ಎಂಬುದನ್ನು ಇಲ್ಲಿ ನೋಡೋಣ.

ಹೋಲಿಸುವ ಮೊದಲು ಅಳತೆಗೋಲು ಯಾವುದು ಎಂದು ಗೊತ್ತುಮಾಡಿಕೊಳ್ಳಬೇಕು. ಸಾಲು ಚೆನ್ನಾಗಿದೆಯೇ, ಪ್ರಾಸ ಕೂಡಿದೆಯೇ ಎಂದು ಸಭೆಯಲ್ಲಿ ಕೈ ಎತ್ತಿಸಿದರೆ ತಪ್ಪಾದದ್ದೇ ಗೆಲ್ಲುತ್ತದೆ. ಓದಿದವನನ್ನು ಎರಡು ಪ್ರಶ್ನೆ ಕೇಳಬೇಕು. ‘ಇದು ಯಾರಿಗೆ ಬರೆದದ್ದು?’ ಎಂದಾಗ ‘ತಲೆ ಕೆಟ್ಟವರಿಗೆ’ ಎಂಬ ಉತ್ತರ ಬಂದರೆ ಆ ಸಾಲು ಸೋತಿತು. ‘ಓದಿದ ಮೇಲೆ ಏನು ಮಾಡಬೇಕು?’ ಎಂದಾಗ ಓದಿದವನು ಸುಮ್ಮನೆ ನಿಂತರೂ ಸೋತಿತು. ಮುಂದಿನ ಐದೂ ಬಗೆಗಳನ್ನು ಇದೇ ಎರಡು ಪ್ರಶ್ನೆಗೆ ಹಿಡಿದು ನೋಡಿದ್ದೇವೆ.

ಎಚ್ಚರಿಕೆಯ ಸಾಲು: ‘ಆತ್ಮಹತ್ಯೆ ಪರಿಹಾರವಲ್ಲ’

ಉದ್ದೇಶ ಒಳ್ಳೆಯದು, ಸಪ್ತಾಹದ ಗೇಟಿಗೆ ಇದು ಬೇಡ. ಬೆಳಿಗ್ಗೆ ಆರರ ಪಾಳಿಗೆ ಬರುವ ನೂರಾರು ಜನರಲ್ಲಿ ಬಹುಪಾಲು ಮಂದಿಯ ಕಷ್ಟ ಅಲ್ಲಿಯವರೆಗೆ ಹೋಗಿರುವುದಿಲ್ಲ. ಸಾಲದ ಕಂತು, ಮನೆ ಜಗಳ, ಕುಡಿತ, ನಿದ್ದೆ ಇಲ್ಲದ ರಾತ್ರಿಗಳು, ಇವು ಅವರ ಪಾಡು. ಈ ಬೋರ್ಡು ನೋಡಿದ ಕೂಡಲೇ ‘ಇದು ನನಗಲ್ಲ’ ಎಂದು ಮುಂದೆ ಹೋಗುತ್ತಾರೆ. ಸಹಾಯ ಕೇಳುವುದೆಂದರೆ ಕೊನೆಯ ಹಂತಕ್ಕೆ ಬಂದವರು ಮಾಡುವ ಕೆಲಸ ಎಂಬ ಭಾವನೆಯೂ ಬಲಿಯುತ್ತದೆ. ಮನೆಯಲ್ಲಿ ಹಾಗೆ ಒಬ್ಬರನ್ನು ಕಳೆದುಕೊಂಡವರು ಅದೇ ಗೇಟಿನಲ್ಲಿ ದಿನಕ್ಕೆರಡು ಸಲ ಆ ಅಕ್ಷರಗಳನ್ನು ಓದಬೇಕಾಗುತ್ತದೆ. ಆ ವಿಷಯವನ್ನು ಮುಚ್ಚಿಡಬೇಕಿಲ್ಲ. ಅದಕ್ಕೆ ಜಾಗ ಮೇಲ್ವಿಚಾರಕರ ತರಬೇತಿ. ಅಲ್ಲಿ ಬಿಡಿಸಿ ಹೇಳಲು ಸಮಯವಿರುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರೂ ಇರುತ್ತಾರೆ.

ಹುರುಪಿನ ಸಾಲು: ‘ಟೆನ್ಷನ್ ಬಿಡಿ, ನಗುತ್ತಾ ದುಡಿಯಿರಿ’

ಇದರಲ್ಲಿ ಕತ್ತಲೆ ಇಲ್ಲ, ಆದ್ದರಿಂದ ಎಲ್ಲರಿಗೂ ಹಿಡಿಸುತ್ತದೆ. ಆದರೆ ಭಾರವನ್ನೆಲ್ಲ ಕಷ್ಟದಲ್ಲಿರುವವನ ತಲೆಯ ಮೇಲೇ ಹೊರಿಸುತ್ತದೆ. ಬಿಡು ಎಂದರೆ ಬಿಡುವಂಥದ್ದಾಗಿದ್ದರೆ ಅವನು ಎಂದೋ ಬಿಟ್ಟಿರುತ್ತಿದ್ದ. ‘ಧೈರ್ಯವಾಗಿರಿ’, ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂಬ ಸಾಲುಗಳದ್ದೂ ಇದೇ ಕತೆ: ಬಾಯಿ ಬಿಟ್ಟು ಹೇಳಿಕೊಂಡವನು ಹೇಡಿ ಎಂದು ಸುತ್ತು ಬಳಸಿ ಹೇಳಿದಂತಾಗುತ್ತದೆ. ಎರಡು ಪಾಳಿ ಬೆನ್ನುಬೆನ್ನಿಗೆ ಮಾಡಿಸಿ, ವಾರದ ರಜೆ ತಪ್ಪಿಸಿ, ಅದೇ ವಾರ ‘ನಗುತ್ತಾ ದುಡಿಯಿರಿ’ ಎಂದು ಬ್ಯಾನರ್ ಕಟ್ಟಿದರೆ ಕಾರ್ಮಿಕರಿಗೆ ಅದು ಅಣಕದಂತೆ ಕಾಣುತ್ತದೆ. ಅವರು ಹಾಗೆ ಓದಿಕೊಂಡರೆ ತಪ್ಪು ಅವರದ್ದಲ್ಲ.

ಸುರಕ್ಷತಾ ವಿಭಾಗದವರು ಇಲ್ಲಿ ಒಂದು ಕಡೆ ಎಡವುತ್ತಾರೆ. ಹೆಲ್ಮೆಟ್ ಬೋರ್ಡಿನ ‘ಮನೆಯಲ್ಲಿ ನಿಮ್ಮವರು ಕಾಯುತ್ತಿದ್ದಾರೆ’ ಎಂಬ ಸಾಲನ್ನೇ ಈ ಸಪ್ತಾಹಕ್ಕೂ ಹಾಕುತ್ತಾರೆ. ಹೆಲ್ಮೆಟ್ ಹಾಕುವುದು ಒಂದು ಕ್ಷಣದ ತೀರ್ಮಾನ, ಅಲ್ಲಿ ಮನೆಯ ನೆನಪು ಕೆಲಸ ಮಾಡುತ್ತದೆ. ಮನಸ್ಸು ಕುಗ್ಗಿದವನಿಗೆ ಮೊದಲೇ ‘ನಾನು ಮನೆಯವರಿಗೆ ಭಾರ’ ಎಂಬ ಯೋಚನೆ ಇರುತ್ತದೆ. ಅದೇ ಸಾಲು ಅವನಿಗೆ ಇನ್ನಷ್ಟು ತಪ್ಪಿತಸ್ಥ ಭಾವನೆ ತರುತ್ತದೆ.

ಕಳಂಕ ಅಳಿಸುವ ಸಾಲು: ‘ಇದು ಹುಚ್ಚಲ್ಲ, ಅವಮಾನಿಸಬೇಡಿ’

ಬೇಡವಾದ ಪದವನ್ನು ಬೇಡ ಎನ್ನುವುದಕ್ಕಾಗಿಯೇ ದೊಡ್ಡ ಅಕ್ಷರದಲ್ಲಿ ಬರೆದಂತಾಗುತ್ತದೆ. ಬೈಕಿನ ಮೇಲೆ ಹೋಗುವವನ ಕಣ್ಣಿಗೆ ಬೀಳುವುದು ‘ಹುಚ್ಚು’ ಒಂದೇ. ಈ ಭಾಗದಲ್ಲಿ ಹಾಸ್ಯಕ್ಕೂ ಜಗಳಕ್ಕೂ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎನ್ನುವ ಮಾತು ರೂಢಿಯಲ್ಲಿದೆ. ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯನ್ನು ನೆನೆದು ಆಡುವ ಮಾತು ಅದು. ಬೋರ್ಡಿನಲ್ಲಿ ಅಂಥ ಪದ ಬಂದರೆ ಕ್ಯಾಂಟೀನಿನಲ್ಲಿ ಅದೇ ತಮಾಷೆಗೆ ಹೊಸ ನೆಪ ಸಿಗುತ್ತದೆ.

‘ನಾಲ್ವರಲ್ಲಿ ಒಬ್ಬರಿಗೆ ಮಾನಸಿಕ ಸಮಸ್ಯೆ’ ಎಂಬ ಅಂಕಿಯ ಸಾಲೂ ಈ ಗುಂಪಿನದೇ. ಎಲ್ಲರಿಗೂ ಬರಬಹುದು ಎಂದು ಧೈರ್ಯ ಹೇಳುವುದು ಅದರ ಉದ್ದೇಶ. ಊಟದ ಮೇಜಿನಲ್ಲಿ ಕೂತ ನಾಲ್ವರು ಅದನ್ನು ಓದಿ ‘ಹಂಗಾರ ನಮ್ಮಾಗ ಯಾರು?’ ಎಂದು ಒಬ್ಬನ ಕಡೆ ಬೆರಳು ಮಾಡುತ್ತಾರೆ. ಅಂಕಿಯೂ ಹೊಂದುವುದಿಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಆ ಹೊತ್ತಿಗೆ ಸಮಸ್ಯೆ ಇದ್ದ ವಯಸ್ಕರ ಪ್ರಮಾಣ ಶೇ 10.6. ಅಂಕಿ ಬೇಕಿದ್ದರೆ ಭಾಷಣದಲ್ಲಿ ಹೇಳಿ, ಬ್ಯಾನರಿನಲ್ಲಿ ಬೇಡ.

ತಿಳಿವಳಿಕೆಯ ಸಾಲು: ‘ಇದೂ ಒಂದು ಕಾಯಿಲೆ, ಚಿಕಿತ್ಸೆ ಇದೆ’

ಸುಳ್ಳಿಲ್ಲದ, ನೇರವಾದ ಸಾಲು. ‘ಸಕ್ಕರೆ ಕಾಯಿಲೆ ಇದ್ದಂಗ ಇದೂ’ ಎಂಬುದು ಇದರದ್ದೇ ಇನ್ನೊಂದು ರೂಪ. ಇಂಥ ಮಾತು ‘ಅವನ ತಪ್ಪು’ ಎನ್ನುವ ದೂಷಣೆಯನ್ನು ತಗ್ಗಿಸುತ್ತದೆ. ಆದರೆ ಮಿದುಳಿನ ಕಾಯಿಲೆ ಎಂದು ಒತ್ತಿ ಹೇಳಿದಾಗ ಜನ ಅಂಥವರಿಂದ ದೂರ ಇರಬೇಕೆನ್ನುವುದು ಕಡಿಮೆಯಾಗಲಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ಪಕ್ಕದ ಯಂತ್ರದಲ್ಲಿ ನಿಲ್ಲುವವನಿಗೆ ಕಾಯಿಲೆ ಇದೆ ಎಂದು ಗೊತ್ತಾದರೆ ಕೈಕೊಡುವವರಿಗಿಂತ ಹಿಂದೆ ಸರಿಯುವವರೇ ಹೆಚ್ಚಾಗಬಹುದು. ಸಕ್ಕರೆ ಕಾಯಿಲೆಯ ಹೋಲಿಕೆಯಿಂದ ‘ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಗುಳಿಗೆ’ ಎಂಬ ಹೆದರಿಕೆಯೂ ಬರುತ್ತದೆ, ಎಲ್ಲರ ವಿಷಯದಲ್ಲೂ ಅದು ನಿಜವಲ್ಲ.

ಈ ಬಗೆಯನ್ನು ಪೂರ್ತಿ ಬಿಡಬೇಕಿಲ್ಲ, ಅದರ ದಿಕ್ಕು ತಿರುಗಿಸಿದರೆ ಸಾಕು. ಕಾಯಿಲೆ ಎಂಥದ್ದು ಎನ್ನುವ ಬದಲು ಚಿಕಿತ್ಸೆ ಎಷ್ಟು ಹತ್ತಿರವಿದೆ ಎಂದು ಹೇಳಿ. ಇದಕ್ಕೆ ಬಳ್ಳಾರಿಯಲ್ಲಿ ಒಳ್ಳೆಯ ಆಧಾರವಿದೆ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಈ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಔಷಧ ಸಿಗುವಂತೆ ಮಾಡಿ ನೋಡಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ಈ ‘ಬಳ್ಳಾರಿ ಮಾದರಿ’ಯ ಮೇಲೆ. ‘ಧಾರವಾಡಕ್ಕ ಕಳಸಬೇಕು’ ಎಂಬ ಮಾತಿಗೆ ಉತ್ತರವಾಗಿ ‘ಮನಸ್ಸಿನ ಡಾಕ್ಟ್ರು ನಮ್ಮ ಜಿಲ್ಲಾದಾಗೇ ಅದಾರ’ ಎಂಬ ಸಾಲು ಗಟ್ಟಿಯಾಗಿ ನಿಲ್ಲುತ್ತದೆ. ಅದರ ಕೆಳಗೆ ಆಸ್ಪತ್ರೆ, ಕೊಠಡಿ, ವಾರ, ಗಂಟೆ ಇರಲೇಬೇಕು. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಆ ದಿನ ನಿಜಕ್ಕೂ ಯಾರು ಬರುತ್ತಾರೆ, ಎಷ್ಟು ಗಂಟೆಗೆ ಎಂದು ಆಸ್ಪತ್ರೆಗೆ ಹೋಗಿ ಕೇಳಿಯೇ ಅಚ್ಚು ಹಾಕಿಸಿ. ಬೋರ್ಡು ನಂಬಿ, ಅರ್ಧ ದಿನದ ಪಗಾರ ಬಿಟ್ಟು ಹೋದವನಿಗೆ ಬಾಗಿಲು ಹಾಕಿದ ಕೊಠಡಿ ಕಂಡರೆ ಅವನು ಇನ್ನೊಮ್ಮೆ ಹೋಗುವುದು ಕಷ್ಟ.

ಮಾಡಬೇಕಾದ್ದನ್ನು ಹೇಳುವ ಸಾಲು

ನಮ್ಮ ಆಯ್ಕೆ ಈ ಐದನೆಯದು. ಇದರಲ್ಲಿ ಕಾಯಿಲೆಯ ಹೆಸರಿಲ್ಲ, ಉಪದೇಶವಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಪರಿಸ್ಥಿತಿ ಮತ್ತು ಈಗಲೇ ಮಾಡಬಹುದಾದ ಒಂದು ಸಣ್ಣ ಕೆಲಸ, ಇಷ್ಟೇ ಇರುತ್ತದೆ. ಇದನ್ನು ಎರಡು ದಿಕ್ಕಿಗೆ ಬರೆಯಬಹುದು.

ಜೊತೆಗಾರರಿಗೆ: ‘ಜೊತಿಯವ್ರು ಸುಮ್ಮನಾಗ್ಯಾರೇನು? ಹೆಂಗದೀರಿ ಅಂತ ಕೇಳ್ರಿ.’

ಕಷ್ಟದಲ್ಲಿರುವವರಿಗೆ: ‘ಎರಡ್ ವಾರದಿಂದ ನಿದ್ದಿ ಹತ್ತವಲ್ದೇನು? 14416ಕ್ಕ ಫೋನ್ ಹಚ್ರಿ.’

ಎರಡರಲ್ಲಿ ಯಾವುದು ಮೇಲು ಎಂಬುದು ತೂಗುಹಾಕುವ ಜಾಗದ ಮೇಲೆ ನಿಂತಿದೆ. ನಾಲ್ಕು ಜನರ ಎದುರು ಓದುವ ಕಡೆ, ಅಂದರೆ ಗೇಟು, ಕ್ಯಾಂಟೀನು, ಹಾಜರಿ ಪಂಚ್ ಮಾಡುವ ಜಾಗದಲ್ಲಿ, ಮೊದಲನೆಯದು. ಅದನ್ನು ನಿಂತು ಓದಿದರೂ ‘ಇವನಿಗೇನೋ ಆಗಿದೆ’ ಎಂದು ಯಾರೂ ಅನ್ನುವುದಿಲ್ಲ, ಏಕೆಂದರೆ ಅದು ಇನ್ನೊಬ್ಬರನ್ನು ವಿಚಾರಿಸಲು ಹೇಳುತ್ತದೆ. ಎರಡನೆಯದನ್ನು ಒಬ್ಬನೇ ಓದುವ ಕಡೆ ಹಾಕಬೇಕು. ಶೌಚಾಲಯದ ಬಾಗಿಲ ಒಳಬದಿ, ಬಟ್ಟೆ ಬದಲಿಸುವ ಕೋಣೆಯ ಲಾಕರಿನ ಒಳಗೆ, ಪಗಾರ ಚೀಟಿಯ ಹಿಂಬದಿ. ಅಲ್ಲಿ ನಂಬರನ್ನು ಮೊಬೈಲಿಗೆ ಹಾಕಿಕೊಳ್ಳುವಾಗ ಯಾರೂ ನೋಡುವುದಿಲ್ಲ. ಅದೇ ಚೀಟಿಯನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಿ, ಯಾರೂ ನಂಬರ್ ಬರೆದುಕೊಳ್ಳಲಿಲ್ಲ ಎಂದು ಬೇಸರಪಟ್ಟರೆ ಅರ್ಥವಿಲ್ಲ.

‘ಎರಡು ವಾರ’ ಎಂಬುದನ್ನು ಬೇಕೆಂದೇ ಹಾಕಿದ್ದು. ರಾತ್ರಿ ಪಾಳಿಯಿಂದ ಹಗಲಿಗೆ ಬಂದಾಗ ಕೆಲವು ದಿನ ನಿದ್ದೆ ಏರುಪೇರಾಗುವುದು ಸಹಜ. ಎರಡು ವಾರ ಕಳೆದರೂ ನಿದ್ದೆ ಸರಿಹೋಗದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲ ಎನ್ನುವಂತಾದರೆ ಯಾರಾದರೂ ನೋಡಬೇಕು. ಖಿನ್ನತೆಯನ್ನು ಗುರುತಿಸಲು ವೈದ್ಯರು ಇಟ್ಟುಕೊಂಡಿರುವ ಗಡುವೂ ಎರಡು ವಾರವೇ. ನಿದ್ದೆಯ ಮಾತಿನಿಂದ ಶುರುಮಾಡುವುದಕ್ಕೂ ಕಾರಣವಿದೆ. ‘ನನಗೆ ಮಾನಸಿಕ ಸಮಸ್ಯೆ’ ಎನ್ನಲು ಹಿಂಜರಿಯುವ ಮನುಷ್ಯ ‘ನಿದ್ದಿ ಹತ್ತವಲ್ದು’ ಎಂದು ಯಾರ ಎದುರಿಗೂ ಹೇಳುತ್ತಾನೆ.

14416 ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಕರೆಗೆ ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ಸಿ ಪಾಳಿ ಇರುವ ಕಡೆ ಇದೊಂದೇ ಕಾರಣಕ್ಕೆ ಕಂಪನಿಯ ಎಚ್‌ಆರ್ ನಂಬರಿಗಿಂತ ಇದು ಮೇಲು. ‘ನಮ್ಮ ಬಾಗಿಲು ಸದಾ ತೆರೆದಿದೆ’ ಎಂದು ಬರೆದು ಸಂಜೆ ಐದೂವರೆಗೆ ಬೀಗ ಹಾಕುವ ಕಚೇರಿಯನ್ನು ಸಿ ಪಾಳಿಯವರು ನಂಬುವುದಿಲ್ಲ.

ನಂಬಿಕೆಯ ಇನ್ನೊಂದು ಮುಖವನ್ನು ಇಲ್ಲೇ ಹೇಳಬೇಕು. ಎತ್ತರದಲ್ಲಿ ಕೆಲಸ ಮಾಡುವವರಿಗೆ ವೈದ್ಯಕೀಯ ತಪಾಸಣೆ ಆದ ಮೇಲೆ ಹೈಟ್ ಪಾಸ್ ಸಿಗುತ್ತದೆ. ಗುತ್ತಿಗೆ ಕಾರ್ಮಿಕರಿಗೆ ಗೇಟ್ ಪಾಸ್ ನವೀಕರಣ ಗುತ್ತಿಗೆದಾರನ ಕೈಯಲ್ಲಿರುತ್ತದೆ. ‘ಹೇಳಿಕೊಂಡರೆ ಪಾಸ್ ಹೋಗುತ್ತದೆ’ ಎಂಬುದು ಇವರ ಮೊದಲ ಭಯ, ಕಳಂಕದ ಭಯ ಅದರ ಹಿಂದಿನದು. ‘ನಿಮ್ಮ ಮಾತು ಗುಟ್ಟಾಗಿರುತ್ತದೆ’ ಎಂದು ಸುಮ್ಮನೆ ಬರೆದರೆ ಯಾರ ಹತ್ತಿರ ಗುಟ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಬಾಗಿಲ ಒಳಬದಿಯ ಚೀಟಿಗೆ ‘ನಿಮ್ಮ ಫೋನಿಂದ ಹಚ್ರಿ. ಕಂಪನಿಗೆ ಸುದ್ದಿ ಹೋಗಂಗಿಲ್ಲ’ ಎಂದು ಸೇರಿಸಿ. ಕಂಪನಿಯೇ ಆಪ್ತಸಮಾಲೋಚಕರನ್ನು ಕರೆಸುತ್ತಿದ್ದರೆ ಅವರು ಯಾರಿಗೆ ಏನು ವರದಿ ಕೊಡುತ್ತಾರೆ ಎಂಬುದನ್ನು ಮೊದಲು ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಿ. ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಅದಕ್ಕೆ ಹೊಂದುವ ಏರ್ಪಾಡು ಇಲ್ಲದಿದ್ದರೆ ಗುಟ್ಟಿನ ಮಾತನ್ನೇ ಬರೆಯಬೇಡಿ.

ಒಂದು ಗೇಟಿನ ಲೆಕ್ಕ

ಗಿಣಿಗೇರಿ ಕಡೆಯ ಒಂದು ಮಧ್ಯಮ ಗಾತ್ರದ ಸ್ಪಾಂಜ್ ಐರನ್ ಕಾರ್ಖಾನೆ ಎಂದುಕೊಳ್ಳಿ. ಮೂರು ಪಾಳಿ, ಅರ್ಧಕ್ಕಿಂತ ಹೆಚ್ಚು ಗುತ್ತಿಗೆ ಕಾರ್ಮಿಕರು, ಸುತ್ತಲಿನ ಹಳ್ಳಿಯವರ ಜೊತೆಗೆ ಒಡಿಶಾ, ಬಿಹಾರದ ಕಡೆಯವರು. ಗೇಟಿನ ಫ್ಲೆಕ್ಸ್ 8 ಅಡಿ ಅಗಲ, 3 ಅಡಿ ಎತ್ತರ.

ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಬೋರ್ಡು ಬರೆಯುವವರ ಸಾಮಾನ್ಯ ಲೆಕ್ಕ. ಗೇಟಿಗೆ 30 ಅಡಿ ಇರುವಾಗಲೇ ಓದಬೇಕೆಂದರೆ 3 ಅಂಗುಲ. ಬೈಕು ಓಡುತ್ತಿರುತ್ತದೆ, ಬೆಳಗಿನ ಮಬ್ಬು, ಧೂಳು ಬೇರೆ, ಆದ್ದರಿಂದ 5 ಅಂಗುಲ ಇಟ್ಟುಕೊಳ್ಳಿ. ಕನ್ನಡಕ್ಕೆ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಒಂದು ಸಾಲಿಗೆ ಹೆಚ್ಚುಕಡಿಮೆ 10 ಅಂಗುಲ ಬಿಡಬೇಕು. 36 ಅಂಗುಲದಲ್ಲಿ ಮೂರೇ ಸಾಲು ಕೂರುತ್ತವೆ, ಸಾಲಿಗೆ ಹದಿನೈದರ ಒಳಗೆ ಅಕ್ಷರ. ಮೊದಲ ಸಾಲು ‘ಜೊತಿಯವ್ರು ಸುಮ್ಮನಾಗ್ಯಾರೇನು?’, ಎರಡನೆಯದು ‘ಹೆಂಗದೀರಿ ಅಂತ ಕೇಳ್ರಿ.’, ಮೂರನೆಯದು ‘ಟೆಲಿ ಮಾನಸ್ 14416’. ಅಲ್ಲಿಗೆ ಜಾಗ ಮುಗಿಯಿತು. ಕಂಪನಿಯ ಹೆಸರು, ಅಧಿಕಾರಿಗಳ ಭಾವಚಿತ್ರ, ‘ಮಾನಸಿಕ ಸ್ವಾಸ್ಥ್ಯ ಸಪ್ತಾಹ’ ಎಂಬ ತಲೆಬರಹ, ಇವಕ್ಕೆ ಬೇರೆ ಫ್ಲೆಕ್ಸ್ ಮಾಡಿಸಿ. ಒಂದರಲ್ಲೇ ತುರುಕಿದರೆ ಸಾಲು 2 ಅಂಗುಲಕ್ಕೆ ಇಳಿಯುತ್ತದೆ. ‘ಸ್ವಾಸ್ಥ್ಯ’ದಂಥ ಪದದ ಒತ್ತುಗಳು ಅಷ್ಟು ಸಣ್ಣದಾದರೆ ಕಪ್ಪು ಮುದ್ದೆಯಾಗಿ ಕಾಣುತ್ತವೆ.

ಅಂಗಡಿಯಲ್ಲಿ ಕೆಡುವುದು ಹೆಚ್ಚಾಗಿ ಇಲ್ಲಿ: ವಾಟ್ಸ್ಆ್ಯಪಿನಲ್ಲಿ ಕಳಿಸಿದ ಯೂನಿಕೋಡ್ ಅಕ್ಷರವನ್ನು ಹಳೆಯ ನುಡಿ ಫಾಂಟಿಗೆ ಬದಲಿಸುವಾಗ ಒತ್ತಕ್ಷರ ಜಾಗ ತಪ್ಪುತ್ತದೆ. ‘ವ್ರು’, ‘ಳ್ರಿ’, ‘ಗ್ಯಾ’ ಈ ಮೂರನ್ನು ಬೆರಳಿಟ್ಟು ನೋಡಿ. ಅಚ್ಚಿಗೆ ಮೊದಲು ಪೂರ್ತಿ ಚಿತ್ರ ತರಿಸಿಕೊಂಡು, ಬರೆದವರಲ್ಲದ ಬೇರೊಬ್ಬರಿಂದ ಗಟ್ಟಿಯಾಗಿ ಓದಿಸಿ. ನಂಬರನ್ನು ಚಿತ್ರದಲ್ಲಿ ನೋಡಿಯೇ ಒಮ್ಮೆ ಡಯಲ್ ಮಾಡಿ. ಚಿತ್ರ ಬೇಕಿದ್ದರೆ ಚಹಾ ಲೋಟ ಹಿಡಿದು ಪಕ್ಕಪಕ್ಕ ಕೂತ ಇಬ್ಬರದ್ದಿರಲಿ. ತಲೆ ಹಿಡಿದು ಕೂತ ಕಪ್ಪು ನೆರಳು, ಬಿರುಕು ಬಿಟ್ಟ ತಲೆ, ಹಗ್ಗ, ಗುಳಿಗೆ, ಇವು ಬೇಡ. ಅಂಗಡಿಯವರ ಬಳಿ ಸಿದ್ಧವಾಗಿ ಸಿಗುವುದು ಇವೇ ಆದ್ದರಿಂದ ಮೊದಲೇ ಹೇಳಿಡಬೇಕು.

ಆಡುಮಾತಿನ ಬಗ್ಗೆ ತಕರಾರು ಬರಬಹುದು. ಒಬ್ಬರು ಇನ್ನೊಬ್ಬರಿಗೆ ಬಾಯಲ್ಲಿ ಹೇಳುವಂಥ ಸಾಲು ಆಡುಮಾತಿನಲ್ಲಿದ್ದರೆ ಚೆಂದ. ಆಸ್ಪತ್ರೆಯ ಸಮಯ, ಕಾಯ್ದೆಯ ವಿವರ ಪುಸ್ತಕದ ಕನ್ನಡದಲ್ಲಿರಲಿ. ಎಲ್ಲವನ್ನೂ ಆಡುಮಾತಿಗೆ ಇಳಿಸಿದರೆ ನಗೆನಾಟಕದ ಜಾಹೀರಾತಿನಂತಾಗುತ್ತದೆ. ‘ಕೇಳ್ರಿ’, ‘ಹಚ್ರಿ’ ಎಂಬ ಗೌರವದ ರೂಪ ಬಿಡಬೇಡಿ. ‘ಗೆಳೆಯ’ ಎಂದರೆ ಗುಡಿಸುವ, ಕ್ಯಾಂಟೀನಿನ ಕೆಲಸದ ಹೆಣ್ಣುಮಕ್ಕಳು ಹೊರಗುಳಿಯುತ್ತಾರೆ, ‘ಜೊತಿಯವ್ರು’ ಎಂದರೆ ಎಲ್ಲರೂ ಬಂದರು. ಹಿಂದಿ, ತೆಲುಗಿನ ಬೋರ್ಡುಗಳನ್ನು ಆ ಭಾಷೆಯ ಕಾರ್ಮಿಕರನ್ನೇ ಕೂರಿಸಿ, ಪರಿಸ್ಥಿತಿ ಹೇಳಿ, ಅವರ ಬಾಯಿಂದ ಬಂದಂತೆ ಬರೆಸಿ.

ಅಚ್ಚಿಗೆ ಕೊಡುವ ಮೊದಲು ಪ್ರತಿ ಪಾಳಿಯಿಂದ ಮೂವರಿಗೆ ಕಾಗದದಲ್ಲಿ ತೋರಿಸಿ, ಮೊದಲು ಹೇಳಿದ ಎರಡು ಪ್ರಶ್ನೆ ಕೇಳಿ. ಒಂಬತ್ತರಲ್ಲಿ ಇಬ್ಬರಾದರೂ ‘ತಲೆ ಕೆಟ್ಟವರಿಗೆ’ ಎಂದರೆ ಸಾಲು ಬದಲಿಸಿ. ಕೇಳುವವರು ಎಚ್‌ಆರ್‌ನವರಾದರೆ ‘ಚೆನ್ನಾಗಿದೆ ಸಾರ್’ ಎಂಬ ಉತ್ತರವೇ ಬರುತ್ತದೆ, ಆದ್ದರಿಂದ ಕಾರ್ಮಿಕರಲ್ಲೇ ಒಬ್ಬರು ಕೇಳಲಿ.

ಕೇಳಿದ ಮೇಲೆ ಏನು?

‘ಹೆಂಗದೀರಿ ಅಂತ ಕೇಳ್ರಿ’ ಎಂಬ ಸಾಲಿಗೆ ಒಂದು ಅಪಾಯವಿದೆ: ಕೇಳಿದಾಗ ಎದುರಿನವರು ನಿಜ ಹೇಳಿಬಿಡುತ್ತಾರೆ, ಕೇಳಿದವರಿಗೆ ಮುಂದೇನು ಎಂದು ಗೊತ್ತಿರುವುದಿಲ್ಲ. ಪಾಳಿ ಶುರುವಿನ ಟೂಲ್‌ಬಾಕ್ಸ್ ಮಾತಿನಲ್ಲಿ ಐದು ನಿಮಿಷ ಇದಕ್ಕೆ ಕೊಡಿ. ಬಾಜೂಕ ಕೂಡುವುದು, ನಡುವೆ ಬಾಯಿ ಹಾಕದೆ ಕೇಳುವುದು, ‘ಎಲ್ಲಾರಿಗೂ ಇದ್ದದ್ದೇ ಬಿಡು’ ಎನ್ನದಿರುವುದು, ಕೊನೆಗೆ ‘ಬಾ, ಇಬ್ರೂ ಕೂಡೇ ಫೋನ್ ಹಚ್ಚೋಣ’ ಎನ್ನುವುದು, ಇಷ್ಟು ಸಾಕು. ಬದುಕುವುದೇ ಬೇಡ ಎಂಬ ಮಾತು ಬಂದರೆ ಒಬ್ಬರನ್ನೇ ಬಿಡಬಾರದು, ಜೊತೆಯಲ್ಲಿ ಕೂತು 14416ಕ್ಕೆ ಕರೆ ಮಾಡಬೇಕು, ಕೂಡಲೇ ಅಪಾಯ ಎನಿಸಿದರೆ 108 ಕರೆಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಐದು ನಿಮಿಷಕ್ಕೆ ಜಾಗವಿಲ್ಲದ ಕಾರ್ಖಾನೆ ಮೊದಲನೆಯ ಸಾಲನ್ನು ಹಾಕದಿರುವುದೇ ವಾಸಿ. ಅಂಥ ಕಡೆ ಬಾಗಿಲ ಒಳಬದಿಯ ಚೀಟಿ ಮಾತ್ರ ಸಾಕು.

ಮೂರನೇ ದಿನದ ಹೊತ್ತಿಗೆ ಯಾರೋ ಒಬ್ಬರು ಇನ್ನೊಬ್ಬರಿಗೆ ‘ಏ, 14416ಕ್ಕ ಹಚ್ಚಲೇ’ ಎಂದು ಕಿಚಾಯಿಸುವುದು ಕೇಳಿಸಬಹುದು. ನಂಬರ್ ಹೊಸ ಬೈಗುಳವಾಗುತ್ತಿದೆ ಎಂಬುದರ ಗುರುತು ಅದು. ಬೈದು ನಿಲ್ಲಿಸಲು ಹೋದರೆ ಇನ್ನೂ ಹೆಚ್ಚುತ್ತದೆ. ಮರುದಿನದ ಪಾಳಿಯ ಮಾತಿನಲ್ಲಿ ಮೇಲ್ವಿಚಾರಕರು ಆ ನಂಬರಿಗೆ ಯಾವ ಯಾವುದಕ್ಕೆ ಕರೆ ಮಾಡಬಹುದು ಎಂದು ಬಿಡಿಸಿ ಹೇಳಲಿ: ಮಗನ ಪರೀಕ್ಷೆಯ ಹೆದರಿಕೆ, ಕುಡಿತ ಬಿಡಬೇಕೆಂಬ ಆಸೆ, ಮನೆಯಲ್ಲಿ ತಾಯಿಗೆ ಊಟ ಸೇರದಿರುವುದು. ಮನೆಯವರ ಸಲುವಾಗಿಯೂ ಹಚ್ಚಬಹುದು ಎಂದು ತಿಳಿದ ಮೇಲೆ ಆ ತಮಾಷೆಗೆ ಅಷ್ಟು ಕಾವು ಉಳಿಯುವುದಿಲ್ಲ.

ಸಪ್ತಾಹ ಮುಗಿದ ಮೇಲೆ ಎಷ್ಟು ಸೆಲ್ಫಿ ಬಂದವು ಎಂದು ಎಣಿಸಬೇಡಿ. ಎಷ್ಟು ಜನ ಸಹಾಯ ಕೇಳಿದರು ಎಂದು ಹುಡುಕುವುದಂತೂ ಬೇಡವೇ ಬೇಡ. ಒಂದು ತಿಂಗಳು ಬಿಟ್ಟು, ಬೋರ್ಡಿನಿಂದ ದೂರವಿರುವ ಕಡೆ ಇಪ್ಪತ್ತು ಜನರಿಗೆ ‘ಆ ನಂಬರ್ ಎಷ್ಟಿತ್ರಿ?’ ಎಂದು ಕೇಳಿ. ಅರ್ಧದಷ್ಟು ಜನ ತಡವರಿಸದೆ ಹೇಳಿದರೆ ಗೇಟಿನ ಫ್ಲೆಕ್ಸ್ ಇಳಿಸಬಹುದು. ಬಾಗಿಲ ಒಳಬದಿಯ ಚೀಟಿಗಳನ್ನು ಕೀಳಬೇಡಿ, ಹರಿದಾಗ ಹೊಸದು ಅಂಟಿಸುವ ಕೆಲಸವನ್ನು ಶೌಚಾಲಯದ ಸ್ವಚ್ಛತೆ ನೋಡಿಕೊಳ್ಳುವವರ ಪಟ್ಟಿಗೆ ಸೇರಿಸಿ.